ಮೈಂಡ್‌ಟ್ರೀ ಕೈ ಬದಲಾದ ನೂರು ದಿನ

2019ರ ಮಾರ್ಚ್ 18ರಂದು ಷೇರುಪೇಟೆಗೆ ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಒಂದು ಪ್ರಕಟಣೆ ಬಂತು. ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ ಮತ್ತು ಅವರ ಕಂಪನಿಗಳ ಕೈಯಲ್ಲಿದ್ದ ಮೈಂಡ್‌ಟ್ರೀಯ ಶೇ 20.32ರಷ್ಟು ಷೇರುಗಳನ್ನು ತಲಾ 980 ರೂಪಾಯಿಗೆ ಕೊಳ್ಳಲು ಎಲ್ ಅಂಡ್ ಟಿ ಒಪ್ಪಂದ ಮಾಡಿಕೊಂಡಿತ್ತು. ಪೇಟೆಯಲ್ಲಿ ಇನ್ನೂ ಶೇ 15ರವರೆಗೆ ಕೊಳ್ಳುವಂತೆ ಬ್ರೋಕರ್‌ಗೆ ಸೂಚನೆ ಕೊಟ್ಟಿತ್ತು. ಉಳಿದ ಷೇರುದಾರರಿಂದ ಶೇ 31ರಷ್ಟನ್ನು ಅದೇ ಬೆಲೆಗೆ ಕೊಳ್ಳುವುದಾಗಿ ಮುಕ್ತ ಕೊಡುಗೆಯನ್ನೂ ಮುಂದಿಟ್ಟಿತ್ತು. ಎಲ್ಲ ಕೂಡಿದರೆ ಶೇ 66ಕ್ಕೂ ಹೆಚ್ಚು, ಖರ್ಚು ಸುಮಾರು 10,800 ಕೋಟಿ ರೂಪಾಯಿ.

ಬೆಂಗಳೂರಿನಲ್ಲಿ 1999ರಲ್ಲಿ ಹತ್ತು ಮಂದಿ ಸೇರಿ ಕಟ್ಟಿದ ಕಂಪನಿ ಮೈಂಡ್‌ಟ್ರೀ. ಸ್ಥಾಪಕರಿಗೆ ಈ ಮಾರಾಟ ಬೇಕಿರಲಿಲ್ಲ. ಅದನ್ನು ಅವರು ಬಹಿರಂಗವಾಗಿಯೇ ಹೇಳಿದರು. ಒಡಿಶಾ ಸರ್ಕಾರದ ಕೌಶಲಾಭಿವೃದ್ಧಿ ಪ್ರಾಧಿಕಾರದ ಹೊಣೆ ಹೊತ್ತಿದ್ದ, ಸ್ಥಾಪಕರಲ್ಲೊಬ್ಬರಾದ ಸುಬ್ರತೊ ಬಾಗ್ಚಿ ಆ ಹುದ್ದೆ ಬಿಟ್ಟು ಕಂಪನಿಯನ್ನು ಉಳಿಸಿಕೊಳ್ಳಲು ಬೆಂಗಳೂರಿಗೆ ಮರಳಿದರು. ದೇಶದ ಐ.ಟಿ. ವಲಯ ಕಂಡ ಮೊದಲ ಬಲವಂತದ ಸ್ವಾಧೀನ ಎಂದು ಪತ್ರಿಕೆಗಳು ಬರೆದವು. ಜೂನ್ ಮುಗಿಯುವ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ಕಂಪನಿ ಕಾನೂನು ಓದುವವರಿಗೆ ಈ ನೂರು ದಿನಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಸೆಬಿಯ ಸ್ವಾಧೀನ ನಿಯಮಾವಳಿಯ ಒಂದೊಂದು ಕಲಮೂ ಇಲ್ಲಿ ನಿಜವಾದ ಹಣದ ಮೇಲೆ, ನಿಜವಾದ ಜನರ ಮೇಲೆ ಕೆಲಸ ಮಾಡಿದ್ದು ಕಾಣುತ್ತದೆ. ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಕಳಚುತ್ತದೆ. ಕಟ್ಟಿದವರಿಂದ ಕಂಪನಿಯನ್ನು ಕಿತ್ತುಕೊಳ್ಳಲು ಕಾನೂನು ಬಿಟ್ಟದ್ದು ಹೇಗೆ ಎಂದು ಆಗ ಅನೇಕರು ಕೇಳಿದರು. ಈ ಕಾನೂನು ಕಟ್ಟಿದವರ ಪರವೂ ಅಲ್ಲ, ಕೊಳ್ಳುವವರ ಪರವೂ ಅಲ್ಲ. ಇಬ್ಬರ ನಡುವೆ ಸಿಕ್ಕಿದ, ನೂರು ಇನ್ನೂರು ಷೇರು ಇಟ್ಟುಕೊಂಡ ಮೂರನೆಯವರಿಗೆ ಅದೇ ಮಾಹಿತಿ, ಅದೇ ಬೆಲೆ ಸಿಗಬೇಕು ಎಂಬುದಷ್ಟೇ ಅದರ ಕಾಳಜಿ.

ಮೊದಲು ಶೇ 25ರ ಗೆರೆ. ಪಟ್ಟಿ ಮಾಡಿದ ಕಂಪನಿಯೊಂದರಲ್ಲಿ ಒಬ್ಬರ, ಅಥವಾ ಒಟ್ಟಾಗಿ ನಡೆಯುವ ಹಲವರ, ಮತಾಧಿಕಾರ ಶೇ 25ನ್ನು ಮುಟ್ಟುವುದಾದರೆ ಅವರು ಉಳಿದ ಷೇರುದಾರರಿಗೂ ಮುಕ್ತ ಕೊಡುಗೆ ನೀಡಲೇಬೇಕು. 2011ರ ನಿಯಮಾವಳಿಗೆ ಮೊದಲು ಈ ಗೆರೆ ಶೇ 15ರಲ್ಲಿತ್ತು. ಶೇ 25 ಎಂಬುದು ಸುಮ್ಮನೆ ಆರಿಸಿದ ಅಂಕಿಯಲ್ಲ. ವಿಶೇಷ ನಿರ್ಣಯ ಅಂಗೀಕಾರವಾಗಲು ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು ಬೇಕು. ಹಾಗಾಗಿ ಕಾಲು ಪಾಲಿಗಿಂತ ಹೆಚ್ಚು ಮತ ಕೈಯಲ್ಲಿದ್ದವರು ಯಾವ ದೊಡ್ಡ ತೀರ್ಮಾನವನ್ನೂ ತಡೆಹಿಡಿಯಬಲ್ಲರು.

ಮೈಂಡ್‌ಟ್ರೀ ಸ್ಥಾಪಕರ ದೌರ್ಬಲ್ಯ ಇದ್ದದ್ದು ಇಲ್ಲಿಯೇ. ಪ್ರವರ್ತಕರೆಂದು ಹೆಸರಿದ್ದರೂ ಅವರೆಲ್ಲರ ಷೇರು ಸೇರಿಸಿದರೂ ಶೇ 13ರ ಆಸುಪಾಸು. ಅತಿದೊಡ್ಡ ಷೇರುದಾರ ಸಿದ್ಧಾರ್ಥ, ಅವರಿಗೆ ಹಣದ ತುರ್ತು. ಕಂಪನಿ ನಡೆಸುವವರ ಕೈಯಲ್ಲಿ ಷೇರು ಇಷ್ಟು ಕಡಿಮೆ ಇದ್ದು ದೊಡ್ಡ ಗಂಟೊಂದು ಬೇರೆಯವರ ಬಳಿ ಇದ್ದರೆ, ಆ ಗಂಟು ಮಾರಾಟಕ್ಕೆ ಬಂದ ದಿನವೇ ಕಂಪನಿಯೂ ಮಾರಾಟಕ್ಕೆ ಬಂದಂತೆ.

ಈಗ ಎಲ್ ಅಂಡ್ ಟಿ ಇಟ್ಟ ಹೆಜ್ಜೆಗಳನ್ನು ನೋಡೋಣ. ಸಿದ್ಧಾರ್ಥರ ಶೇ 20.32 ಮಾತ್ರ ಕೊಂಡಿದ್ದರೆ ಗೆರೆ ದಾಟುತ್ತಿರಲಿಲ್ಲ, ಮುಕ್ತ ಕೊಡುಗೆಯೂ ಬೇಕಿರಲಿಲ್ಲ. ಆದರೆ ಹಿಡಿತವೂ ಸಿಗುತ್ತಿರಲಿಲ್ಲ. ಪೇಟೆಯಲ್ಲಿ ಇನ್ನೊಂದು ಶೇ 5 ಕೊಂಡರೂ ಗೆರೆ ದಾಟುತ್ತದೆ. ಹಾಗೆ ದಾಟಿಸುವ ಖರೀದಿಯ ಆದೇಶವನ್ನು ಬ್ರೋಕರ್‌ಗೆ ಕೊಡುವ ಮೊದಲೇ ಸಾರ್ವಜನಿಕ ಪ್ರಕಟಣೆ ಹೊರಡಬೇಕು ಎನ್ನುತ್ತದೆ ನಿಯಮ. ಒಪ್ಪಂದದ ಮೂಲಕ ಗೆರೆ ದಾಟುವುದಾದರೆ ಒಪ್ಪಂದದ ದಿನವೇ ಪ್ರಕಟಣೆ. ಗುಟ್ಟಾಗಿ ಕೊಂಡು, ಕೊಂಡಾದ ಮೇಲೆ ಹೇಳುವುದಕ್ಕೆ ಅವಕಾಶವಿಲ್ಲ. ಒಪ್ಪಂದ, ಬ್ರೋಕರ್ ಆದೇಶ, ಮುಕ್ತ ಕೊಡುಗೆ ಮೂರೂ ಒಂದೇ ದಿನ ಹೊರಬಿದ್ದದ್ದು ಇದೇ ಕಾರಣಕ್ಕೆ.

ಆ ಬ್ರೋಕರ್ ಆದೇಶದಲ್ಲಿ ಒಂದು ಷರತ್ತಿತ್ತು: ಷೇರೊಂದಕ್ಕೆ 980 ರೂಪಾಯಿ ಮೀರಬಾರದು. ಇಡೀ ಕಾನೂನಿನ ಮರ್ಮ ಈ ಒಂದು ಷರತ್ತಿನಲ್ಲಿದೆ ಎಂದರೂ ತಪ್ಪಾಗದು. ಮುಕ್ತ ಕೊಡುಗೆಯ ಬೆಲೆಯನ್ನು ಕೊಳ್ಳುವವರು ತಮಗೆ ತೋಚಿದಂತೆ ಇಡುವ ಹಾಗಿಲ್ಲ. ಒಪ್ಪಂದದಲ್ಲಿ ದೊಡ್ಡ ಷೇರುದಾರರಿಗೆ ಕೊಡುವ ಬೆಲೆ, ಹಿಂದಿನ 52 ವಾರಗಳಲ್ಲಿ ತಾವು ಕೊಂಡ ಷೇರುಗಳ ಸರಾಸರಿ ಬೆಲೆ, ಹಿಂದಿನ 26 ವಾರಗಳಲ್ಲಿ ತಾವು ಕೊಟ್ಟ ಅತಿ ಹೆಚ್ಚಿನ ಬೆಲೆ, ಹಿಂದಿನ 60 ವಹಿವಾಟು ದಿನಗಳ ಪೇಟೆ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಕಡಿಮೆ ಇಡುವಂತಿಲ್ಲ. ಕೊಡುಗೆ ಚಾಲ್ತಿಯಲ್ಲಿರುವಾಗ ಪೇಟೆಯಲ್ಲಿ ಹೆಚ್ಚಿನ ಬೆಲೆಗೆ ಒಂದು ಷೇರು ಕೊಂಡರೂ ಕೊಡುಗೆಯ ಬೆಲೆ ತಾನಾಗಿ ಅಲ್ಲಿಗೆ ಏರುತ್ತದೆ. ಎಲ್ ಅಂಡ್ ಟಿ ಮುಕ್ತ ಕೊಡುಗೆಯಲ್ಲಿ ಕೊಳ್ಳಲು ಹೊರಟದ್ದು ಸುಮಾರು 5.13 ಕೋಟಿ ಷೇರು. ಬ್ರೋಕರ್ ಪೇಟೆಯಲ್ಲಿ 981 ರೂಪಾಯಿ ಕೊಟ್ಟಿದ್ದರೆ, ಆ ಒಂದು ರೂಪಾಯಿಗೆ ಕಂಪನಿ 5.13 ಕೋಟಿ ರೂಪಾಯಿ ತೆರಬೇಕಾಗುತ್ತಿತ್ತು.

ಸಮಾನ ಬೆಲೆಯ ಈ ನಿಯಮ ಹಿಂದೆ ಇಷ್ಟು ಗಟ್ಟಿಯಾಗಿರಲಿಲ್ಲ. 2011ಕ್ಕೆ ಮೊದಲು, ಮಾರುವ ಪ್ರವರ್ತಕರು ಮುಂದೆ ಅದೇ ವ್ಯಾಪಾರಕ್ಕೆ ಇಳಿಯಬಾರದು ಎಂಬ ನೆಪದಲ್ಲಿ ಅವರಿಗೆ ಕೊಡುಗೆ ಬೆಲೆಯ ಶೇ 25ರವರೆಗೆ ಹೆಚ್ಚುವರಿ ಹಣ ಕೊಡಬಹುದಿತ್ತು. ಅದು ಕೊಡುಗೆ ಬೆಲೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ದೊಡ್ಡವರಿಗೆ 125, ಸಣ್ಣವರಿಗೆ 100. ಅಚ್ಯುತನ್ ಸಮಿತಿಯ ವರದಿಯ ಮೇಲೆ ಬಂದ ಹೊಸ ನಿಯಮಾವಳಿ ಈ ಬಾಗಿಲು ಮುಚ್ಚಿತು. ಸಿದ್ಧಾರ್ಥರಿಗೆ ಸಿಕ್ಕ 980 ರೂಪಾಯಿಯೇ ಜಯನಗರದ ನಿವೃತ್ತ ಮೇಷ್ಟರಿಗೂ ಸಿಗುವಂತಾದದ್ದು ಹೀಗೆ. ಭಾರತದ ಷೇರುಪೇಟೆಯ ಕಾನೂನಿನಲ್ಲಿ ಸಣ್ಣ ಹೂಡಿಕೆದಾರರಿಗೆ ಇಷ್ಟು ನೇರವಾಗಿ ಜೇಬಿಗೆ ಹಣ ತಂದುಕೊಟ್ಟ ಸುಧಾರಣೆಗಳು ಹೆಚ್ಚಿಲ್ಲ ಎಂದೇ ನನ್ನ ಎಣಿಕೆ.

ಬಾಯಿ ಮಾತಿನ ಕೊಡುಗೆಗೆ ಬೆಲೆಯಿಲ್ಲ. ವಿವರವಾದ ಪ್ರಕಟಣೆ ಪತ್ರಿಕೆಗಳಲ್ಲಿ ಬರುವ ಮೊದಲೇ ಎಸ್ಕ್ರೊ ಖಾತೆಗೆ ಖಾತರಿ ಸೇರಬೇಕು. ಮೊದಲ 500 ಕೋಟಿಗೆ ಶೇ 25, ಉಳಿದದ್ದಕ್ಕೆ ಶೇ 10. ಎಲ್ ಅಂಡ್ ಟಿಯ ಮುಕ್ತ ಕೊಡುಗೆಯ ಮೊತ್ತ ಸುಮಾರು 5,030 ಕೋಟಿ. ಮೊದಲ ಭಾಗಕ್ಕೆ 125 ಕೋಟಿ, ಉಳಿದ 4,530 ಕೋಟಿಗೆ 453 ಕೋಟಿ. ಕನಿಷ್ಠ 578 ಕೋಟಿಯ ಖಾತರಿ ಮೊದಲೇ ಕೂಡಿಸಿಡಬೇಕು ಎಂದಾಯಿತು. ಕೈಯಲ್ಲಿ ಕಾಸಿಲ್ಲದೆ ಸುದ್ದಿ ಮಾಡಿ ಷೇರು ಏರಿಸುವವರು ಇಲ್ಲಿಯೇ ಸೋಸಿಹೋಗುತ್ತಾರೆ.

ಸ್ಥಾಪಕರಿಗೆ ಯಾವ ದಾರಿಗಳಿದ್ದವು? ಎಲ್ ಅಂಡ್ ಟಿಯ ಪ್ರಕಟಣೆಗೆ ಮೊದಲೇ ಮೈಂಡ್‌ಟ್ರೀ ಒಂದು ನೋಟಿಸ್ ಕೊಟ್ಟಿತ್ತು: ಕಂಪನಿಯೇ ತನ್ನ ಷೇರುಗಳನ್ನು ಮರುಖರೀದಿ ಮಾಡುವ ಬಗ್ಗೆ ಮಾರ್ಚ್ 20ರಂದು ಆಡಳಿತ ಮಂಡಳಿ ಸಭೆ. ಮರುಖರೀದಿಯಿಂದ ಷೇರುಗಳ ಸಂಖ್ಯೆ ಇಳಿಯುತ್ತದೆ, ಮಾರದೆ ಉಳಿದವರ ಪಾಲು ಏರುತ್ತದೆ, ಪೇಟೆ ಬೆಲೆಯೂ ಮೇಲೇರಿ ಕೊಳ್ಳುವವರಿಗೆ ದುಬಾರಿಯಾಗುತ್ತದೆ. ಆದರೆ 18ರಂದೇ ಎಲ್ ಅಂಡ್ ಟಿ ಪ್ರಕಟಣೆ ಹೊರಡಿಸಿದ್ದರಿಂದ ಕೊಡುಗೆಯ ಅವಧಿ ಶುರುವಾಗಿಬಿಟ್ಟಿತು. ಆ ಅವಧಿಯಲ್ಲಿ ಗುರಿಯಾದ ಕಂಪನಿ ಮರುಖರೀದಿ ಮಾಡಬೇಕೆಂದರೂ, ದೊಡ್ಡ ಆಸ್ತಿ ಮಾರಬೇಕೆಂದರೂ ಅಂಚೆ ಮತದಾನದ ಮೂಲಕ ಷೇರುದಾರರ ವಿಶೇಷ ನಿರ್ಣಯ ಬೇಕು. ಅಂದರೆ ಮುಕ್ಕಾಲು ಪಾಲು ಮತ. ಎರಡು ದಿನದ ಹಿಂದೆ ಆಡಳಿತ ಮಂಡಳಿಯ ಕೈಯಳತೆಯಲ್ಲಿದ್ದದ್ದು ಈಗ ಷೇರುದಾರರ ಅಂಗಳಕ್ಕೆ ಹೋಯಿತು. 20ರ ಸಭೆ ಮುಂದಕ್ಕೆ ಹೋಯಿತು. 26ರಂದು ಮಂಡಳಿ ಮರುಖರೀದಿಯನ್ನು ಕೈಬಿಟ್ಟಿತು.

ಈ ಕಟ್ಟುಪಾಡು ಸ್ಥಾಪಕರಿಗೆ ಕ್ರೂರವೆನಿಸಬಹುದು. ಆದರೆ ಮರುಖರೀದಿಗೆ ಖರ್ಚಾಗುವುದು ಕಂಪನಿಯ ಹಣ, ಅದು ಎಲ್ಲ ಷೇರುದಾರರದ್ದು. ನಿರ್ದೇಶಕರು ತಮ್ಮ ಕುರ್ಚಿ ಉಳಿಸಿಕೊಳ್ಳಲು ಅದನ್ನು ಬಳಸುವುದಾದರೆ, ಹಣದ ಒಡೆಯರನ್ನು ಕೇಳಿಯೇ ಬಳಸಬೇಕು ಎಂಬುದು ನ್ಯಾಯವಾಗಿಯೇ ಇದೆ.

ಇನ್ನೊಂದು ದಾರಿ, ಸ್ನೇಹದ ಬೇರೊಬ್ಬ ಹೂಡಿಕೆದಾರರನ್ನು ಕರೆತಂದು ಪ್ರತಿಸ್ಪರ್ಧಿ ಕೊಡುಗೆ ಕೊಡಿಸುವುದು. ವಿವರವಾದ ಪ್ರಕಟಣೆಯಾದ 15 ಕೆಲಸದ ದಿನಗಳೊಳಗೆ ಅದು ಬರಬೇಕು. ಜೊತೆಗೆ, ಮೊದಲನೆಯವರು ಒಟ್ಟು ಎಷ್ಟು ಹಿಡಿಯಲು ಹೊರಟಿದ್ದಾರೋ ಕನಿಷ್ಠ ಅಷ್ಟಕ್ಕೆ ತಲುಪುವ ಗಾತ್ರದ್ದಾಗಿರಬೇಕು. ಇಷ್ಟು ದೊಡ್ಡ ಮೊತ್ತವನ್ನು ಇಷ್ಟು ಕಡಿಮೆ ಸಮಯದಲ್ಲಿ ಹೊಂದಿಸಬಲ್ಲವರು ಮುಂದೆ ಬರಲಿಲ್ಲ. ಸ್ಥಾಪಕರೇ ತಡೆಯುವ ಶಕ್ತಿಗಾಗಿ ಶೇ 25ರ ಹತ್ತಿರಕ್ಕೆ ಹೋಗಬೇಕೆಂದರೂ 980ರ ದರದಲ್ಲಿ 1,800 ಕೋಟಿಗೂ ಮಿಕ್ಕಿ ಬೇಕಿತ್ತು. ಕಂಪನಿ ಕಟ್ಟಿದ ವೃತ್ತಿಪರರಿಗೆ ಅದು ನಿಲುಕುವ ಮಾತಲ್ಲ.

ಮೈಂಡ್‌ಟ್ರೀಯ ಸ್ವತಂತ್ರ ನಿರ್ದೇಶಕರ ಸಮಿತಿ ಕೊಡುಗೆಯನ್ನು ಪರಿಶೀಲಿಸಿ ಷೇರುದಾರರಿಗೆ ಸಲಹೆ ಕೊಡಬೇಕಿತ್ತು. ಅಪೂರ್ವ ಪುರೋಹಿತ್ ನೇತೃತ್ವದ ಸಮಿತಿ 980 ನ್ಯಾಯವಾದ ಬೆಲೆಯೆಂದು ಹೇಳಿತು. ಸ್ಥಾಪಕರು ಬೇಡವೆಂದ ಕೊಡುಗೆಯನ್ನು ಅದೇ ಕಂಪನಿಯ ಸ್ವತಂತ್ರ ನಿರ್ದೇಶಕರು ಒಪ್ಪುವಂಥದ್ದೆಂದರು. ಸ್ವತಂತ್ರ ಎಂಬ ಪದಕ್ಕೆ ತಕ್ಕ ನಡೆ ಅದು.

ಮೇ ಮಧ್ಯದಲ್ಲಿ ಶುರುವಾಗಬೇಕಿದ್ದ ಕೊಡುಗೆ ಅನುಮತಿಗಳಿಗೆ ಕಾದು ಜೂನ್ 17ಕ್ಕೆ ತೆರೆದು 28ಕ್ಕೆ ಮುಗಿಯಿತು. ಹತ್ತು ಕೆಲಸದ ದಿನಗಳ ಕಿಟಕಿ. ಷೇರುದಾರರು ತಮ್ಮ ಬ್ರೋಕರ್ ಮೂಲಕ ಷೇರು ಒಪ್ಪಿಸಬೇಕು. ಇಲ್ಲಿ ಹಲವರು ಗಮನಿಸದ ಒಂದು ಸಂಗತಿ ಇದೆ: ಒಪ್ಪಿಸಿದ್ದೆಲ್ಲ ಮಾರಾಟವಾಗುತ್ತದೆ ಎಂದಿಲ್ಲ. ಉದಾಹರಣೆಗೆ, ಕೊಳ್ಳುವುದು 5.13 ಕೋಟಿ ಷೇರು, ಒಪ್ಪಿಸಿದ್ದು 6 ಕೋಟಿ ಎಂದಿಟ್ಟುಕೊಳ್ಳಿ. ಆಗ ನೂರು ಷೇರು ಒಪ್ಪಿಸಿದವರದ್ದು ಸುಮಾರು 85 ಮಾತ್ರ ಮಾರಾಟವಾಗಿ 15 ಷೇರು ಡಿಮ್ಯಾಟ್ ಖಾತೆಗೆ ಮರಳುತ್ತವೆ. ಆ 15ರ ಗತಿ ಪೇಟೆಯ ಕೈಯಲ್ಲಿ. ಮೈಂಡ್‌ಟ್ರೀಯ ಷೇರು ಜುಲೈನಲ್ಲಿ 980ರಿಂದ ಬಹಳ ಕೆಳಗಿಳಿಯಿತು. ಅಚ್ಯುತನ್ ಸಮಿತಿ ಈ ತೊಡಕನ್ನು ಕಂಡೇ, ಕೊಡುಗೆ ಉಳಿದ ಅಷ್ಟೂ ಷೇರಿಗೆ ಇರಬೇಕೆಂದು ಹೇಳಿತ್ತು. ಸೆಬಿ ಕನಿಷ್ಠ ಶೇ 26ಕ್ಕೆ ಇಳಿಸಿತು. ಷೇರು ಕೊಳ್ಳಲು ಸಾಲ ಕೊಡುವುದಕ್ಕೆ ಭಾರತೀಯ ಬ್ಯಾಂಕುಗಳ ಮೇಲೆ ಕಟ್ಟುನಿಟ್ಟಿನ ನಿರ್ಬಂಧವಿದ್ದ ಕಾಲದಲ್ಲಿ, ನೂರಕ್ಕೆ ನೂರು ಎಂದರೆ ವಿದೇಶಿ ಹಣವಿದ್ದವರಿಗೆ ಮಾತ್ರ ದಾರಿ ಬಿಟ್ಟಂತೆ ಎಂಬ ವಾದವಿತ್ತು. ಅದರಲ್ಲಿ ಹುರುಳಿದೆ. ಆದರೂ ಸಮಿತಿ ಹೇಳಿದ್ದೇ ಷೇರುದಾರರ ಹಿತ ಎಂದು ನಾನು ನಂಬುತ್ತೇನೆ.

ಕೊಡುಗೆ ಮುಗಿದಾಗ ಎಲ್ ಅಂಡ್ ಟಿಯ ಪಾಲು ಶೇ 60 ದಾಟಿತ್ತು. ಜುಲೈ ಮೊದಲ ವಾರ ಸ್ಥಾಪಕರಾದ ಕೃಷ್ಣಕುಮಾರ್ ನಟರಾಜನ್, ಎನ್.ಎಸ್. ಪಾರ್ಥಸಾರಥಿ, ರೋಸ್ಟೊ ರಾವನನ್ ರಾಜೀನಾಮೆ ಕೊಟ್ಟರು. 2022ರಲ್ಲಿ ಕಂಪನಿ ಎಲ್ ಅಂಡ್ ಟಿ ಇನ್ಫೊಟೆಕ್ ಜೊತೆ ವಿಲೀನವಾಗಿ ಎಲ್‌ಟಿಐಮೈಂಡ್‌ಟ್ರೀ ಆಯಿತು.

ಇಷ್ಟೆಲ್ಲ ನಡೆದದ್ದು ಮಾರ್ಚ್ 18ರ ನಂತರ, ಎಲ್ಲರ ಕಣ್ಣೆದುರು. ಕಾನೂನಿಗೆ ಹೆಚ್ಚು ಕಷ್ಟವಾಗುವುದು ಅದಕ್ಕಿಂತ ಹಿಂದಿನ ವಾರಗಳು. ಇಂಥ ಒಪ್ಪಂದವೊಂದು ಕುದುರುವಾಗ ಕೊಳ್ಳುವವರ ಅಧಿಕಾರಿಗಳು, ಮಾರುವವರ ಕಚೇರಿಯವರು, ಮರ್ಚೆಂಟ್ ಬ್ಯಾಂಕರ್‌ಗಳು, ವಕೀಲರು, ಲೆಕ್ಕಪರಿಶೋಧಕರು ಎಂದು ಹತ್ತಾರು ಜನರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಇಂಥ ಕಂಪನಿಯ ಷೇರಿಗೆ ಇಂಥ ಬೆಲೆ ಬರಲಿದೆ. ಪೇಟೆಗೆ ಗೊತ್ತಿರುವುದಿಲ್ಲ. ಆ ಅಂತರದಲ್ಲಿ ಷೇರು ಕೊಳ್ಳುವುದೇ ಇನ್‌ಸೈಡರ್ ಟ್ರೇಡಿಂಗ್.

ನಮ್ಮಲ್ಲಿ ಇದರ ಮೊದಲ ದೊಡ್ಡ ಪ್ರಕರಣ ಹಿಂದೂಸ್ತಾನ್ ಲಿವರ್‌ದು. ಲಿವರ್ ಮತ್ತು ಬ್ರೂಕ್ ಬಾಂಡ್ ಲಿಪ್ಟನ್ ಇಂಡಿಯಾ ಎರಡೂ ಯೂನಿಲಿವರ್ ಹಿಡಿತದ ಕಂಪನಿಗಳು. 1996ರ ಮಾರ್ಚ್ 25ರಂದು ಲಿವರ್ ಯೂನಿಟ್ ಟ್ರಸ್ಟ್‌ನಿಂದ ಬ್ರೂಕ್ ಬಾಂಡ್‌ನ 8 ಲಕ್ಷ ಷೇರುಗಳನ್ನು ತಲಾ 350.35 ರೂಪಾಯಿಗೆ, ಪೇಟೆ ದರಕ್ಕಿಂತ ಸುಮಾರು ಶೇ 10 ಹೆಚ್ಚು ಕೊಟ್ಟು, ಕೊಂಡಿತು. ಒಟ್ಟು ಸುಮಾರು 28 ಕೋಟಿ. ಏಪ್ರಿಲ್ 19ರಂದು ಎರಡೂ ಕಂಪನಿಗಳ ವಿಲೀನದ ಘೋಷಣೆಯಾಯಿತು. ಮಾರಿದ ಯೂನಿಟ್ ಟ್ರಸ್ಟ್‌ಗೆ ವಿಲೀನದ ವಿಷಯವನ್ನು ಯಾರೂ ತಿಳಿಸಿರಲಿಲ್ಲ. ಟ್ರಸ್ಟ್ ಎಂದರೆ ಲಕ್ಷಾಂತರ ಮಧ್ಯಮವರ್ಗದವರ ಉಳಿತಾಯ.

1998ರ ಮಾರ್ಚ್‌ನಲ್ಲಿ ಸೆಬಿ ಲಿವರ್ ತಪ್ಪಿತಸ್ಥ ಎಂದು ಹೇಳಿ, ಟ್ರಸ್ಟ್‌ಗೆ ಸುಮಾರು 3 ಕೋಟಿ ಪರಿಹಾರ ಕೊಡಬೇಕೆಂದೂ ನಿರ್ದೇಶಕರ ಮೇಲೆ ಮೊಕದ್ದಮೆ ಹೂಡಬೇಕೆಂದೂ ಆದೇಶಿಸಿತು. ಅದೇ ಜುಲೈನಲ್ಲಿ ಹಣಕಾಸು ಸಚಿವಾಲಯದ ಮೇಲ್ಮನವಿ ಪ್ರಾಧಿಕಾರ ಆ ಆದೇಶವನ್ನು ರದ್ದು ಮಾಡಿತು. ಲಿವರ್ ಒಳಗಿನದೇ ಎಂಬುದನ್ನು ಪ್ರಾಧಿಕಾರ ಒಪ್ಪಿತು. ಆದರೆ ವಿಲೀನದ ಊಹೆಗಳು ಪತ್ರಿಕೆಗಳಲ್ಲಿ ಬಂದಿದ್ದವು, ಆದ್ದರಿಂದ ಆ ಮಾಹಿತಿ ‘ಅಪ್ರಕಟಿತ’ ಅಲ್ಲ ಎಂದಿತು. ಪತ್ರಿಕೆಯ ಊಹೆಗೂ ಆಡಳಿತ ಮಂಡಳಿಯ ಕೊಠಡಿಯ ಖಚಿತ ಅರಿವಿಗೂ ಅಜಗಜಾಂತರ. ಮದುವೆಯ ಬಗ್ಗೆ ಊರಲ್ಲಿ ಗುಸುಗುಸು ಇದ್ದ ಮಾತ್ರಕ್ಕೆ ಲಗ್ನಪತ್ರಿಕೆ ಹಂಚಿದಂತಾಗದು. 2002ರ ತಿದ್ದುಪಡಿ ಈ ತೂತನ್ನು ಮುಚ್ಚಿತು: ಮಾಧ್ಯಮಗಳ ಊಹಾಪೋಹ ಪ್ರಕಟಿತ ಮಾಹಿತಿ ಆಗುವುದಿಲ್ಲ. ಮೈಂಡ್‌ಟ್ರೀ ವಿಷಯದಲ್ಲೂ ಮಾರ್ಚ್ 18ಕ್ಕೆ ಮುಂಚೆಯೇ ಪತ್ರಿಕೆಗಳು ಎಲ್ ಅಂಡ್ ಟಿ ಹೆಸರು ಬರೆದಿದ್ದವು. ಆದರೆ ಒಳಗಿದ್ದ ಯಾರೂ ಆ ವರದಿಯನ್ನು ತೋರಿಸಿ ಷೇರು ಕೊಳ್ಳುವಂತಿರಲಿಲ್ಲ.

ಅದೇ 1996ರಲ್ಲಿ ಜರ್ಮನಿಯ ಬೇಯರ್ ಕಂಪನಿ ಎಬಿಎಸ್ ಇಂಡಸ್ಟ್ರೀಸ್ ಅನ್ನು ಕೊಳ್ಳುವಾಗ ಇನ್ನೊಂದು ಪ್ರಶ್ನೆ ಎದ್ದಿತು. ಎಬಿಎಸ್‌ನ ವ್ಯವಸ್ಥಾಪಕ ನಿರ್ದೇಶಕರು ಘೋಷಣೆಗೆ ಮೊದಲು ಸಂಬಂಧಿಕರ ಹೆಸರಲ್ಲಿ ಷೇರು ಕೊಂಡು ಮುಕ್ತ ಕೊಡುಗೆಯಲ್ಲಿ ಒಪ್ಪಿಸಿದ್ದರು. ಬೇಯರ್‌ಗೆ ಶೇ 51 ಸಿಗದಿದ್ದರೆ ವ್ಯವಹಾರವೇ ಮುರಿಯುತ್ತಿತ್ತು, ಕಂಪನಿಯ ಹಿತಕ್ಕೆ ಹಾಗೆ ಮಾಡಿದೆ ಎಂದರು. ಸೆಬಿ 34 ಲಕ್ಷ ಕಟ್ಟಲು ಹೇಳಿತ್ತು. 2003ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅವರ ಮಾತನ್ನು ಒಪ್ಪಿ ಅದನ್ನು ತಳ್ಳಿಹಾಕಿತು. ಉದ್ದೇಶ ಒಳ್ಳೆಯದಿದ್ದರೆ ಸಾಕೆ? 2015ರ ನಿಯಮಾವಳಿಯ ನಿಲುವು ಬೇರೆ. ಅಪ್ರಕಟಿತ ಮಾಹಿತಿ ಕೈಯಲ್ಲಿಟ್ಟುಕೊಂಡು ವಹಿವಾಟು ಮಾಡಿದರೆ, ಅದರ ಬಲದಿಂದಲೇ ಮಾಡಿದಂತೆ ಎಂದು ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಒಳಗಿನವರದು. ದಂಡ ಕನಿಷ್ಠ 10 ಲಕ್ಷ. ಗರಿಷ್ಠ 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು.

ಹಿಡಿಯುವುದು ಹೇಗೆ? ದೊಡ್ಡ ಘೋಷಣೆಯ ನಂತರ ಹಿಂದಿನ ವಾರಗಳ ವಹಿವಾಟನ್ನು ಪೇಟೆಯ ಕಂಪ್ಯೂಟರ್‌ಗಳು ಜರಡಿ ಹಿಡಿಯುತ್ತವೆ. ಆ ಷೇರನ್ನು ಎಂದೂ ಮುಟ್ಟದಿದ್ದ ಖಾತೆಯೊಂದು ಘೋಷಣೆಗೆ ನಾಲ್ಕು ದಿನ ಮೊದಲು, ಆದಾಯಕ್ಕೆ ಮೀರಿದ ಮೊತ್ತದಲ್ಲಿ, ಬೇರೆಯವರು ಹಾಕಿದ ಹಣದಿಂದ ಕೊಂಡು, ಘೋಷಣೆಯಾದ ಮೇಲೆ ಮಾರಿಬಿಟ್ಟಿದ್ದರೆ ಅಲ್ಲಿಗೆ ಬೆಳಕು ಬೀಳುತ್ತದೆ. ಈಗ ಕಂಪನಿಗಳು, ಮರ್ಚೆಂಟ್ ಬ್ಯಾಂಕರ್‌ಗಳು, ವಕೀಲರ ಸಂಸ್ಥೆಗಳು ಗುಟ್ಟಿನ ಮಾಹಿತಿ ಯಾರ ಜೊತೆ ಹಂಚಿಕೊಂಡೆವು ಎಂಬುದನ್ನು ಹೆಸರು, ಪ್ಯಾನ್ ಸಮೇತ ತಿದ್ದಲಾಗದ ಡಿಜಿಟಲ್ ದಾಖಲೆಯಲ್ಲಿ ಇಡಬೇಕು. ಕೊಂಡವರಿಂದ ಆ ಪಟ್ಟಿಯವರೆಗೆ ದಾರಿ ಹುಡುಕುವುದು ತನಿಖೆಯ ಕೆಲಸ. ಯಾರು ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದರು ಎಂಬುದು ಸಿಗುತ್ತದೆ. ಏನು ಮಾತಾಡಿದರು ಎಂಬುದು ಸಿಗುವುದಿಲ್ಲ. 2022ರಲ್ಲಿ ಪಿ.ಸಿ. ಜ್ಯುವೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಮಾಹಿತಿ ದಾಟಿತು ಎನ್ನಲಾಗದು, ಅದಕ್ಕೆ ತಕ್ಕ ಸಾಕ್ಷ್ಯ ಬೇಕು ಎಂದಿತು. ಎಷ್ಟೋ ಪ್ರಕರಣಗಳು ಸೋಲುವುದು ಈ ಕೊಂಡಿಯಲ್ಲಿ.

ಸೋರಿಕೆಗೆ ಇನ್ನೊಂದು ಹಾನಿಯೂ ಇದೆ. ಸುದ್ದಿ ಹಬ್ಬಿ ಷೇರು ಏರಿದರೆ 60 ದಿನಗಳ ಸರಾಸರಿಯೂ ಏರುತ್ತದೆ, ಕೊಳ್ಳುವವರು ತೆರಬೇಕಾದ ಕನಿಷ್ಠ ಬೆಲೆಯೂ ಏರುತ್ತದೆ. ಕೆಲವೊಮ್ಮೆ ಒಳ್ಳೆಯ ವ್ಯವಹಾರವೇ ಮುರಿಯುತ್ತದೆ. ಇದಕ್ಕೆ 2024ರಲ್ಲಿ ಸೆಬಿ ಉತ್ತರ ಕಂಡುಕೊಂಡಿತು. ವದಂತಿಯಿಂದ ಷೇರು ಗಣನೀಯವಾಗಿ ಏರಿಳಿದರೆ ದೊಡ್ಡ ಕಂಪನಿಗಳು 24 ಗಂಟೆಯೊಳಗೆ ಅದನ್ನು ಒಪ್ಪಬೇಕು, ಅಲ್ಲಗಳೆಯಬೇಕು ಅಥವಾ ಸ್ಪಷ್ಟನೆ ಕೊಡಬೇಕು. ನಿಜವೆಂದು ಒಪ್ಪಿದರೆ, ಬೆಲೆಯ ಲೆಕ್ಕದಿಂದ ವದಂತಿ ತಂದ ಏರಿಕೆಯನ್ನು ಕಳೆಯಲಾಗುತ್ತದೆ. ಮೊದಲು ನೂರು, ಆಮೇಲೆ 250 ದೊಡ್ಡ ಕಂಪನಿಗಳಿಗೆ ಈ ನಿಯಮ ಜಾರಿಗೆ ಬಂತು. ಪಟ್ಟಿಯಲ್ಲಿ ಅದಕ್ಕಿಂತ ಕೆಳಗಿರುವ ಸಾವಿರಾರು ಕಂಪನಿಗಳಿಗೆ ಈ ಕಡ್ಡಾಯವಿಲ್ಲ. ಸ್ವಲ್ಪ ಖರೀದಿಗೇ ಬೆಲೆ ಹಾರುವುದು, ಸುದ್ದಿ ಮೊದಲೇ ಗೊತ್ತಿದ್ದವರಿಗೆ ಹೆಚ್ಚು ಲಾಭವಾಗುವುದು ಅಂಥ ಕಂಪನಿಗಳ ಷೇರುಗಳಲ್ಲಿಯೇ.